ಅವ್ವನ ಪಾದ, ಪರದೆಯ ಪಟ್ಟಿ

ಐನಾಪುರದ ನಮ್ಮ ಹೈಸ್ಕೂಲಿನ ಕಚೇರಿ ಕೋಣೆಯಲ್ಲಿ ಆ ಬೆಳಿಗ್ಗೆ ನಾವು ಮೂರೇ ಜನ ಇದ್ದೆವು. ಕಂಪ್ಯೂಟರ್ ಮುಂದೆ ಕಾರಕೂನರು ಕುಳಿತಿದ್ದರು. ಗುಮಾಸ್ತರನ್ನು ನಮ್ಮ ಕಡೆ ಹಾಗೇ ಕರೆಯುತ್ತೇವೆ. ಅವರ ಪಕ್ಕದಲ್ಲಿ ಕಂಪ್ಯೂಟರ್ ಕಲಿಸುವ ಬಾಯಾರು ಪ್ರಿಂಟರಿನ ಕಾಗದ ಸರಿಮಾಡುತ್ತ ನಿಂತಿದ್ದರು. ಅವರು ನಿಪ್ಪಾಣಿಯವರು, ವಯಸ್ಸಿನಲ್ಲಿ ನಮ್ಮಿಬ್ಬರಿಗಿಂತ ಬಹಳ ಚಿಕ್ಕವರು. ಆದರೂ ಶಿಕ್ಷಕಿಯಾದ್ದರಿಂದ ಶಾಲೆಯಲ್ಲಿ ಎಲ್ಲರಿಗೂ ಬಾಯಾರೇ. ಮೂರನೆಯವನು ನಾನು, ಕನ್ನಡ ಮಾಸ್ತರ. ಹಾಜರಿ ಸಹಿ ಹಾಕಲು ಬಂದವನು ಅಲ್ಲೇ ಬಾಗಿಲ ಹತ್ತಿರ ನಿಂತುಬಿಟ್ಟೆ, ಯಾಕೆಂದರೆ ಕಾರಕೂನರು ಮಾಡುತ್ತಿದ್ದುದು ನನಗೆ ವಿಚಿತ್ರವಾಗಿ ಕಂಡಿತು.

ಅವರು ಮೌಸನ್ನು ನಿಧಾನವಾಗಿ ಸರಿಸಿ, ಪರದೆಯ ಮೇಲಿನ ಬಾಣವನ್ನು ಬಲಗಡೆ ಕೆಳಮೂಲೆಗೆ ಒಯ್ದರು. ಅಲ್ಲಿ ಒಂದೇ ಸಲ ಒತ್ತಿದರು. ಒತ್ತಿ ಕಣ್ಣು ಮುಚ್ಚಿದರು. ಅಷ್ಟರಲ್ಲಿ ಆ ಮೂಲೆಯಿಂದ ಟಪಕ್ಕನೆ ಒಂದು ಕ್ಯಾಲೆಂಡರು ಎದ್ದು ನಿಂತಿತು, ಪಕ್ಕದಲ್ಲೊಂದು ದುಂಡು ಗಡಿಯಾರ.

"ಏನ್ರಿ ಕಾರಕೂನರ, ಮುಂಜಾನೆದ್ದು ಪಂಚಾಂಗ ನೋಡಾಕತ್ತೀರೇನು? ರಾಹುಕಾಲ ಎಷ್ಟೊತ್ತಿಗೆ ಐತ್ರಿ?" ಎಂದು ನಾನು ನಕ್ಕೆ.

ಅವರು ನಗಲಿಲ್ಲ. ಕಣ್ಣು ತೆರೆದು ಆ ಕ್ಯಾಲೆಂಡರನ್ನು ನೋಡಿ, ನೊಣ ಓಡಿಸುವವರ ಹಾಗೆ ಬೇರೆಡೆ ಒತ್ತಿ ಅದನ್ನು ಮುಚ್ಚಿದರು. ಬಾಯಾರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನಗಬ್ಯಾಡ್ರಿ ಸರ್. ಅವರು ಅವ್ವನ ಪಾದ ಮುಟ್ಟಾಕತ್ತಾರ. ಪಾದದ ಮ್ಯಾಲ ಗಡಿಯಾರ ಕುಂತೈತಿ."

ಆಗ ನಾನು ಪರದೆಯನ್ನು ಸರಿಯಾಗಿ ನೋಡಿದೆ.

ಆ ಫೋಟೊ ನನಗೆ ಗೊತ್ತಿದ್ದದ್ದೇ. ಹಿಂದಿನ ಚಳಿಗಾಲದಲ್ಲಿ ಸೀತನಿ ತಿನ್ನಲು ಕಾರಕೂನರು ನಮ್ಮನ್ನು ಜುಗೂಳಕ್ಕೆ ಕರೆದೊಯ್ದಿದ್ದರು. ಹಾಲುಗಾಳಿನ ಜೋಳದ ತೆನೆ ಸುಟ್ಟು, ಬಿಸಿಬಿಸಿ ಇರುವಾಗಲೇ ಬಡಿದು ಉದುರಿಸಿ, ಶೇಂಗಾ ಚಟ್ನಿಯ ಜೊತೆ ಬೊಗಸೆಗಟ್ಟಲೆ ಕೊಟ್ಟಿದ್ದರು. ಕೃಷ್ಣಾ ನದಿಯ ದಂಡೆಯ ಆ ಊರಿನಲ್ಲಿ ಅವರ ತಮ್ಮ ಹೊಲ ನೋಡಿಕೊಂಡಿದ್ದ. ತಾಯಿ ಅವನ ಜೊತೆಗಿದ್ದಳು. ಬಾಯಾರು ಶಾಲೆಯ ಕ್ಯಾಮೆರಾ ತಂದಿದ್ದರು. ಮುದುಕಿ ಮನೆ ಮುಂದಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಕ್ಯಾಮೆರಾ ಕಂಡ ಕೂಡಲೇ ಒಡೆದ ಹಿಮ್ಮಡಿಯನ್ನು ಸೀರೆಯ ನಿರಿಗೆಯೊಳಗೆ ಎಳೆದುಕೊಂಡಳು. "ಕಾಲು ಬ್ಯಾಡ ತಂಗಿ, ನೆಲ ಬಿರಕಬಿಟ್ಟಂಗ ಆಗ್ಯಾವ" ಅಂದಳು. ಆ ಹೊತ್ತಿಗೆ ಸರಿಯಾಗಿ ಎಡಗಡೆ ಕಟ್ಟಿದ್ದ ಎಮ್ಮೆ ಮೂತಿ ಚಾಚಿ ಸೀತನಿಯ ಮೊರಕ್ಕೆ ಬಾಯಿ ಹಾಕಿತು. "ಏ ಹಾದರಗಿತ್ತಿ!" ಎಂದು ಮುದುಕಿ ಅದನ್ನು ಬೈಯುತ್ತ ನಕ್ಕಳು, ಕಾಲು ಮರೆತಳು, ಬಾಯಾರು ಗುಂಡಿ ಒತ್ತಿದರು. ಹೀಗೆ ಆ ಫೋಟೊದಲ್ಲಿ ಎಡಕ್ಕೆ ಎಮ್ಮೆಯ ಮುಖ, ಬಲಕ್ಕೆ ನಗುವ ಮುದುಕಿ, ಕೆಳತುದಿಯಲ್ಲಿ ಅವಳ ಎರಡು ಬರಿಗಾಲು. ಕ್ಯಾಮೆರಾದಿಂದ ಅದು ಶಾಲೆಯ ಕಂಪ್ಯೂಟರಿಗೆ ಬಂತು, ಅಲ್ಲೇ ಉಳಿಯಿತು. ಜುಗೂಳಕ್ಕೆ ಹೋಗಲೇ ಇಲ್ಲ.

ಮುಂದಿನ ಶ್ರಾವಣದಲ್ಲಿ ಮುದುಕಿ ತೀರಿಕೊಂಡಳು. ಮಹಾರಾಷ್ಟ್ರದ ಕಡೆ ಮಳೆ ಹಿಡಿದು, ಮೇಲಿನ ಅಣೆಕಟ್ಟುಗಳ ಬಾಗಿಲು ತೆಗೆದು, ಹೊಳೆ ಏರಿತ್ತು. ಜುಗೂಳದ ರಸ್ತೆ ನೀರೊಳಗೆ ಹೋಗಿತ್ತು. ಸುದ್ದಿ ಬಂದಾಗ ಕಾರಕೂನರು ಇದೇ ಕುರ್ಚಿಯಲ್ಲಿದ್ದರು. ನಾನೂ ಅವರ ಜೊತೆ ಮೋಟರ್ ಸೈಕಲ್ ಮೇಲೆ ಹೋದೆ. ರಸ್ತೆ ಎಲ್ಲಿ ಮುಗಿಯಿತೋ ಅಲ್ಲಿ ಕೆಂಪು ನೀರು ನಿಂತಿತ್ತು; ಅದರಾಚೆ ಜಾಲಿಗಿಡಗಳ ತಲೆಗಳು ಮಾತ್ರ ಕಾಣುತ್ತಿದ್ದವು. ತಮ್ಮನ ಫೋನ್ ಹತ್ತಲಿಲ್ಲ. ನಾವು ಸಂಜೆಯವರೆಗೆ ಆ ನೀರಿನ ಅಂಚಿನಲ್ಲಿ ನಿಂತೆವು. ಆ ಕಡೆ, ಹಿತ್ತಲಿಗೆ ನೀರು ಬಂತೆಂದು ತಮ್ಮ ಮಧ್ಯಾಹ್ನವೇ ತಾಯಿಯನ್ನು ಹೊಲದ ಎತ್ತರದ ಜಾಗದಲ್ಲಿ ಮಣ್ಣು ಮಾಡಿದ್ದ. ಅದು ನಮಗೆ ತಿಳಿದದ್ದು ನೀರು ಇಳಿದ ಮೇಲೆ.

ನಮ್ಮಲ್ಲಿ ಸತ್ತವರಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕೂರಿಸಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಪಾದ ಮುಟ್ಟಿ ಬೀಳ್ಕೊಡುತ್ತಾರೆ. ಹಿರಿಯ ಮಗ ಮೊದಲು. ಅದು ಕಾರಕೂನರಿಗೆ ಸಿಗಲಿಲ್ಲ. ನೀರು ಇಳಿದ ಮೇಲೆ ಹೋದರು, ತಾಯಿಯ ದಿನದ ಕಾರ್ಯದಲ್ಲಿ ದೂರದವರ ಹಾಗೆ ಒಂದು ಮೂಲೆಯಲ್ಲಿ ನಿಂತರು, ಉಣ್ಣದೆ ಬಂದರು. "ಕಾಯಬೇಕಾಗಿತ್ತಲ್ಲೋ, ನಾ ಬರೂತನಾ ಕಾಯಬೇಕಾಗಿತ್ತು" ಎಂದಷ್ಟೇ ತಮ್ಮನಿಗೆ ಹೇಳಿದರಂತೆ. ಅಲ್ಲಿಂದ ಮಾತು ನಿಂತಿತು. ಜುಗೂಳದ ದಾರಿಯೂ ನಿಂತಿತು.

ಅಥಣಿಯ ಫೋಟೊ ಸ್ಟುಡಿಯೋದವನು ಕಾರಕೂನರ ಮನೆಯ ಗೋಡೆಗೆಂದು ಅದೇ ಫೋಟೊದಿಂದ ಒಂದು ಪಟ ಮಾಡಿಕೊಟ್ಟಿದ್ದ. ಎಲ್ಲರಿಗೂ ಮಾಡುವಂತೆ ಮಾಡಿದ್ದ: ಎದೆಯ ಮೇಲಿನದಷ್ಟೇ ಕತ್ತರಿಸಿ, ಹಿಂದೆ ನೀಲಿ ಬಣ್ಣ ತುಂಬಿ, ತಲೆಯ ಸುತ್ತ ಸಣ್ಣ ಬೆಳಕು ಹಾಕಿ. ಅದಕ್ಕೆ ಮನೆಯಲ್ಲಿ ಹಾರ ಬಿತ್ತು. ಆದರೆ ಕಾರಕೂನರು ದಿನಾ ಮುಟ್ಟಬೇಕೆಂದಿದ್ದದ್ದು ಅದರಲ್ಲಿ ಇರಲಿಲ್ಲ. ಹಾಗಾಗಿ ಅವರು ಬಾಯಾರನ್ನು ಕೇಳಿ, ಇಡೀ ಫೋಟೊವನ್ನು ಕಚೇರಿಯ ಕಂಪ್ಯೂಟರಿನ ಪರದೆಯ ತುಂಬ ಹಾಕಿಸಿಕೊಂಡರು. ಕೆಲಸಕ್ಕೆ ಕೂರುವ ಮೊದಲು ಪಾದ ಮುಟ್ಟುವುದು, ಆಮೇಲೆ ಕೆಲಸ. ಫೋಟೊ ಬಂದ ಮೇಲೆ ನೋಡಿದರೆ ಪರದೆಯ ಕೆಳಗಿನ ಪಟ್ಟಿ ಸರಿಯಾಗಿ ಪಾದದ ಮೇಲೇ ಬಿದ್ದಿತ್ತು. ಎಡಕ್ಕೆ ದುಂಡನೆಯ ಸ್ಟಾರ್ಟ್ ಗುಂಡಿ, ಮುಂದೆ ಸಾಲಾಗಿ ಚಿತ್ರಗುಂಡಿಗಳು, ಬಲತುದಿಗೆ ಸಮಯ, ಅದರ ಕೆಳಗೆ ತಾರೀಖು. ಆ ತಾರೀಖಿನ ಅಡಿಯಲ್ಲಿ ಅವ್ವ.

"ಇದರಾಗ ಏನೈತ್ರಿ," ಅಂದರು ಬಾಯಾರು. "ಫೋಟೊನ ಸ್ವಲ್ಪ ಸಣ್ಣ ಮಾಡಿ, ಕೆಳಗ ಕರಿ ಅಂಚು ಬಿಟ್ರ ಮುಗೀತು. ಪಾದ ಮ್ಯಾಲ ಬರ್ತಾವ."

ಕಾರಕೂನರು ಪರದೆಯನ್ನೇ ನೋಡುತ್ತ ತಲೆ ಅಲ್ಲಾಡಿಸಿದರು. "ಅವ್ವನ್ನ ಸಣ್ಣ ಮಾಡಬ್ಯಾಡ್ರಿ ಬಾಯಾರ. ಪಟ್ಟಿ ಸಣ್ಣ ಮಾಡ್ರಿ."

"ಹಂಗಾರ ಪಟ್ಟಿನ ಮ್ಯಾಲ ಒಯ್ಯೋಣು. ಮ್ಯಾಲಿನ ಅಂಚಿಗೂ ಕೂರಸಾಕ ಬರ್ತೈತಿ."

ಬಾಯಾರು ಪಟ್ಟಿಯ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆಗೆದು, ಜಾಗ ಮೇಲೆ ಎಂದು ಆರಿಸಿದರು. ಪಟ್ಟಿ ಕೆಳಗಿನಿಂದ ಮಾಯವಾಗಿ ಮುದುಕಿ ತಲೆಗೆ ಹೊದ್ದ ಸೆರಗಿನ ಮೇಲೆ ಅಡ್ಡವಾಗಿ ಬಂದು ಕೂತಿತು. ಪಾದಗಳು ಕಂಡವು. ನನಗೆ ಸಂತೋಷವಾಯಿತು. ಕಾರಕೂನರು ಒಂದು ಕ್ಷಣ ಪಾದ ನೋಡಿದರು, ಆಮೇಲೆ ತಲೆ ನೋಡಿದರು.

"ತಗೀರಿ ಬಾಯಾರ. ಜೀವಮಾನವಿಡೀ ತಲಿ ಮ್ಯಾಲ ಹೊತ್ತಾಳ. ಮೇವು ಹೊತ್ತಾಳ, ಹೊಳಿ ನೀರು ಹೊತ್ತಾಳ. ಇನ್ನ ಇದೊಂದು ಹೊರಸೂದು ಬ್ಯಾಡ."

"ಎಡಕ್ಕ ಹಾಕ್ರಿ ಮತ್ತ" ಅಂದೆ ನಾನು. ಎಡಕ್ಕೆ ಹಾಕಿದಾಗ ಪಟ್ಟಿ ಉದ್ದಕ್ಕೆ ನಿಂತು ಎಮ್ಮೆಯ ಮುಖ ಮುಚ್ಚಿತು. ಕಾರಕೂನರ ತುಟಿ ಆ ಬೆಳಿಗ್ಗೆ ಮೊದಲ ಸಲ ಸಡಿಲವಾಯಿತು. "ಎಮ್ಮಿ ಮಾರಿ ಮುಚ್ಚಿದ್ರ ಅವ್ವ ನನ್ನ ಕೂಡ ಮಾತಾಡೂದಿಲ್ರಿ ಮಾಸ್ತರ. ನನಗಿಂತ ಅದರ ಮ್ಯಾಲ ಜೀವ ಅಕಿಗೆ." ಬಲಕ್ಕೆ ಹಾಕುವ ಮಾತೇ ಇರಲಿಲ್ಲ, ಬಲಕ್ಕೆ ಅವ್ವನೇ ಕುಳಿತಿದ್ದಳು.

ಹೀಗೆ ಪಟ್ಟಿ ಸುತ್ತಾಡಿ ಮತ್ತೆ ಕೆಳಗೇ ಬಂತು. ಬಾಯಾರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುರ್ಚಿ ಎಳೆದು ಕುಳಿತರು. "ಥಾಂಬ್ರಿ, ಸ್ವಲ್ಪ ತಡೀರಿ, ಮಾಡೋಣು" ಅಂದರು. ನಿಪ್ಪಾಣಿಯವರಿಗೆ ಹುರುಪು ಬಂದರೆ ಮರಾಠಿ ತಾನಾಗಿ ಬರುತ್ತದೆ.

ಕಾರಕೂನರು ಒಂದು ಸಲಹೆ ಕೊಟ್ಟರು. ಹಳೆಯ ಕಂಪ್ಯೂಟರಿನಲ್ಲಿ ನೀಲಿ ಪಟ್ಟಿ ಇರುತ್ತಿತ್ತಲ್ಲ, ಅದರ ಅಂಚು ಹಿಡಿದು ಕೆಳಗೆ ಜಗ್ಗಿದರೆ ಅದು ದಾರದೆಳೆಯಷ್ಟು ಆಗುತ್ತಿತ್ತು. ಹಾಗೇ ಮಾಡಬಾರದೇ ಎಂದು. ಬಾಯಾರು ಪಟ್ಟಿಯ ಬೀಗ ತೆಗೆದು ಅಂಚು ಹಿಡಿದು ಜಗ್ಗಿ ತೋರಿಸಿದರು. ಮೇಲಕ್ಕೆ ಎಷ್ಟು ಬೇಕಾದರೂ ದಪ್ಪವಾಗುತ್ತಿತ್ತು. ಕೆಳಗೆ ಮಾತ್ರ ಒಂದು ಸಾಲಿಗೆ ಬಂದು ನಿಲ್ಲುತ್ತಿತ್ತು. "ಈ ಹೊಸಾ ವಿಂಡೋಸ್‌ನ್ಯಾಗ ಅದಕ್ಕಿಂತ ಇಳಿಯಂಗಿಲ್ರಿ. ಆದ್ರ ಚಿತ್ರ ಸಣ್ಣ ಮಾಡಿದ್ರ ಸಾಲು ಸಣ್ಣ ಆಗ್ತೈತಿ."

ಸಣ್ಣ ಚಿತ್ರಗಳು ಎನ್ನುವ ಕಡೆ ಟಿಕ್ ಹಾಕಿ ಒಪ್ಪಿಗೆ ಒತ್ತಿದರು. ಗುಂಡಿಗಳೆಲ್ಲ ಒಣಗಿದ ದ್ರಾಕ್ಷಿಯ ಹಾಗೆ ಕುಗ್ಗಿದವು. ಪಟ್ಟಿ ಕಾಲುಭಾಗ ಇಳಿಯಿತು. ಮುದುಕಿಯ ಕಾಲ್ಗಂಟು, ಅದರ ಕೆಳಗಿನ ಹಿಮ್ಮಡಿ ಹೊರಗೆ ಬಂದವು. ಬೆರಳುಗಳು ಇನ್ನೂ ಒಳಗೇ ಇದ್ದವು. ಪಟ್ಟಿ ಸಣ್ಣದಾದ ಕೂಡಲೇ ಮೂಲೆಯ ತಾರೀಖು ಮಾಯವಾಗಿ ಬರೀ ಸಮಯ ಉಳಿಯಿತು. ಒಂದೇ ಸಾಲಿನಲ್ಲಿ ಎರಡಕ್ಕೂ ಜಾಗವಿಲ್ಲ ಎಂದರು ಬಾಯಾರು.

"ತಾರೀಖ ಹೋದ್ರ ಹೋಗಲಿ. ಗ್ವಾಡಿ ಮ್ಯಾಲ ಕ್ಯಾಲೆಂಡರ ಐತಿ" ಎಂದರು ಕಾರಕೂನರು. ಅವರ ದನಿ ಸ್ವಲ್ಪ ಬಿಸಿಯಾಗಿತ್ತು. ಮುಂದಕ್ಕೆ ಬಾಗಿದ್ದರು.

"ಈಗ ಉಳಿದಿದ್ದಕ್ಕ ಗಾಜು ಮಾಡ್ತೀನ್ರಿ" ಎಂದು ಬಾಯಾರು ಪರದೆಯ ಮೇಲೆ ಬಲಗುಂಡಿ ಒತ್ತಿ ಪರ್ಸನಲೈಜ಼್ ತೆರೆದು, ಕಿಟಕಿಯ ಬಣ್ಣಕ್ಕೆ ಹೋದರು. ಅಲ್ಲಿ ಪಾರದರ್ಶಕ ಎನ್ನುವ ಕಡೆ ಯಾರೋ ಟಿಕ್ ತೆಗೆದಿದ್ದರು. ಹಾಕಿದರು. ಬಣ್ಣದ ಗಾಢತೆಯ ಗುಂಡಿಯನ್ನು ಎಡಕ್ಕೆ ಎಳೆಯುತ್ತ ಹೋದರು. ಗಟ್ಟಿ ನೀಲಿ ಪಟ್ಟಿ ತೆಳುವಾಯಿತು, ಇನ್ನೂ ತೆಳುವಾಯಿತು, ಕೊನೆಗೆ ಹಬೆ ಹಿಡಿದ ಗಾಜಿನಂತಾಯಿತು. ಅದರ ಹಿಂದೆ ಮುದುಕಿಯ ಕಾಲ್ಬೆರಳುಗಳು ಮೂಡಿದವು. ಸ್ಪಷ್ಟವಲ್ಲ, ಕಲಸಿದ ಹಾಗೆ. ಆದರೂ ಹೆಬ್ಬೆರಳು ಇದು, ಕಾಲುಂಗುರ ಹಾಕುತ್ತಿದ್ದ ಬೆರಳು ಇದು ಎಂದು ಗುರುತು ಹತ್ತುತ್ತಿತ್ತು.

ನಾನು ಬಾಯಾರಿಗೆ ಶಾಭಾಸ್ ಎಂದೆ. ಬಾಯಾರೂ ಹೆಮ್ಮೆಯಿಂದ ಹಿಂದಕ್ಕೆ ಒರಗಿದರು. "ಹೆಂಗೈತ್ರಿ ಕಾರಕೂನರ? ಇನ್ನ ಬಾಣ ಒಯ್ದು ಮುಟ್ಟಿದ್ರ ಕಾಲೇ ಸಿಗ್ತಾವ. ಬೇಕಾದ್ರ ಆ ಗಡಿಯಾರನೂ ಬಂದ್ ಮಾಡ್ತೀನಿ, ಕ್ಯಾಲೆಂಡರ ಏಳಂಗಿಲ್ಲ."

ಕಾರಕೂನರು ಪರದೆಗೆ ಇನ್ನಷ್ಟು ಹತ್ತಿರ ಬಾಗಿದರು. ಅವರ ಮುಖದಲ್ಲಿದ್ದ ಬಿಸಿ ಇಳಿದುಹೋಗಿತ್ತು. ಹೇಳಿದರು:

"ನೀರಾಗ ನಿಂತಾಂಗ ಕಾಣಸ್ತಾಳ್ರಿ."

ನಾವಿಬ್ಬರೂ ನೋಡಿದೆವು. ಹೌದು. ಹಿಮ್ಮಡಿಯವರೆಗೆ ಒಣಕಾಲು, ಅದರಿಂದಾಚೆ ಮಸುಕು, ಅಲುಗುವಂತೆ. ಒಮ್ಮೆ ಹಾಗೆ ಕಂಡ ಮೇಲೆ ಬೇರೆ ಹೇಗೂ ಕಾಣಲಿಲ್ಲ.

"ನೀರು ಬ್ಯಾಡ ಬಾಯಾರ," ಅಂದರು. "ಒಂದು ಸಲ ಸಾಕಾಗೈತಿ."

ಬಾಯಾರ ಕಣ್ಣು ತುಂಬಿದವು. ಪಾರದರ್ಶಕದ ಟಿಕ್ ತೆಗೆದರು. ಪಟ್ಟಿ ಮತ್ತೆ ಗಟ್ಟಿಯಾಯಿತು. ಹೊರಗೆ ಪ್ರಾರ್ಥನೆಯ ಗಂಟೆ ಬಾರಿಸಿತು, ಮಕ್ಕಳ ಗದ್ದಲ ಅಡಗಿತು. ಯಾರೂ ಎದ್ದು ಹೋಗಲಿಲ್ಲ.

ಆಮೇಲೆ ಬಾಯಾರು ಪ್ರಾಪರ್ಟೀಸ್‌ಗೆ ಮತ್ತೆ ಹೋಗಿ ಇನ್ನೊಂದು ಟಿಕ್ ಹಾಕಿದರು, ತಾನಾಗಿ ಅಡಗು ಎನ್ನುವುದಕ್ಕೆ. ಪಟ್ಟಿ ಸರಸರನೆ ಕೆಳಗೆ ಜಾರಿ ಹೋಯಿತು. ಕೂದಲೆಳೆಯಷ್ಟು ಗೆರೆ ಮಾತ್ರ ಉಳಿಯಿತು. ಕಟ್ಟೆ, ಸೀರೆಯ ಅಂಚು, ಧೂಳು ಹತ್ತಿದ ಎರಡು ಪಾದ, ಹತ್ತೂ ಬೆರಳು, ಎಲ್ಲ ಕಂಡವು. ಒಡೆದ ಹಿಮ್ಮಡಿಯ ಬಿರುಕುಗಳೂ ಕಂಡವು.

ಕಾರಕೂನರು ಅವಸರದಿಂದ ಮೌಸ್ ಹಿಡಿದು ಬಾಣವನ್ನು ಪಾದದ ಬೆರಳುಗಳ ಕಡೆಗೆ ಒಯ್ದರು. ಬಾಣ ಅಂಚಿಗೆ ತಾಕಿದ್ದೇ ತಡ, ಪಟ್ಟಿ ಮತ್ತೆ ಜಿಗಿದು ಮೇಲೆದ್ದಿತು, ಪಾದ ಮುಚ್ಚಿತು. ಹಿಂದಕ್ಕೆ ತಂದರು, ಅದು ಇಳಿಯಿತು. ಒಯ್ದರು, ಎದ್ದಿತು. ಅದು ಹಾಗೇ ಮಾಡುವುದು, ಬೇಕಾದಾಗ ಬರಲಿ ಎಂದೇ ಇರುವುದು ಎಂದು ಬಾಯಾರು ಹೇಳಿದರು. ಕಾರಕೂನರು ಮೌಸ್ ಬಿಟ್ಟು ಕೈ ಮಡಿಲಲ್ಲಿ ಇಟ್ಟುಕೊಂಡರು. "ಹತ್ರ ಹೋದ್ರ ಸಿಗಂಗಿಲ್ಲ ನೋಡ್ರಿ" ಅಂದರು.

"ಬಾಣ ಯಾಕ ಬೇಕ್ರಿ?" ಅಂದರು ಬಾಯಾರು. "ಬಾಣ ಅಲ್ಲೇ ನಡುವ ಇರಲಿ. ಕೈಲೆ ಮುಟ್ರಿ."

ನಮ್ಮ ಕಾರಕೂನರು ಕಾನೂನಿನ ಮನುಷ್ಯ. ಪರದೆಗೆ ಬೆರಳು ತಾಕಿಸಿದರೆ ಕಲೆ ಬೀಳುತ್ತದೆಂದು ಎಲ್ಲ ಶಿಕ್ಷಕರಿಗೆ ತಾಕೀತು ಮಾಡಿದವರೇ ಅವರು. ಎದ್ದು ಹೊರಗೆ ಹೋದರು. ನಳದ ನೀರು ಬಿಟ್ಟ ಸದ್ದು ಕೇಳಿಸಿತು. ಕೈ ತೊಳೆದು, ಧೋತರದ ತುದಿಗೆ ಒರೆಸಿಕೊಂಡು ಬಂದರು. ಚಪ್ಪಲಿ ಬಾಗಿಲಲ್ಲಿ ಬಿಟ್ಟಿದ್ದರು. ಮೇಜಿನ ಮುಂದೆ ಬಾಗಿ ಬಲಗೈಯ ಬೆರಳುಗಳನ್ನು ಪರದೆಯ ಮೂಲೆಗೆ, ಆ ಪಾದಗಳಿಗೆ ಮುಟ್ಟಿಸಿ, ಕಣ್ಣಿಗೆ ಒತ್ತಿಕೊಂಡರು. ನಾನು ಕಿಟಕಿಯ ಕಡೆ ತಿರುಗಿದೆ.

ಒಂದು ವಾರ ಹಾಗೇ ಸಾಗಿತು. ಎರಡನೆಯ ವಾರ ಹೆಡ್‌ಮಾಸ್ತರರು ರಾಯಬಾಗದ ತರಬೇತಿಯಿಂದ ಮರಳಿ ಬಂದರು. ಅವರಿಗೆ ದಪ್ಪ ಕನ್ನಡಕ. ಕಂಪ್ಯೂಟರಿನಲ್ಲಿ ಅವರಿಗೆ ಗೊತ್ತಿದ್ದದ್ದು ನಾಲ್ಕು ಗುಂಡಿ, ಆ ನಾಲ್ಕೂ ಪಟ್ಟಿಯ ಮೇಲೆ ಇದ್ದವು. ಬೆಳಿಗ್ಗೆ ಬೇಗ ಬಂದು ಕುಳಿತವರು ಐದೇ ನಿಮಿಷದಲ್ಲಿ ವರಾಂಡಕ್ಕೆ ಬಂದು ಕೂಗಿದರು.

"ಕಾರಕೂನರ! ಏ ಕಾರಕೂನರ! ಪಟ್ಟಿ ಎಲ್ಲಿ ಹೋತ್ರಿ? ಯಾರ ಮುಟ್ಯಾರ ಇದನ್ನ? ವೈರಸ್ ಹೊಕ್ಕೈತೇನು?"

ಬಾಯಾರು ಓಡಿ ಬಂದು ಬಾಣ ಕೆಳಗೆ ಒಯ್ದು ಪಟ್ಟಿ ಎಬ್ಬಿಸಿ ತೋರಿಸಿದರು. ಹೆಡ್‌ಮಾಸ್ತರರು ಪರದೆಗೆ ಮೂಗು ತಾಗಿಸಿದರು. "ಇದೇನು, ಸಾಸಿವಿ ಕಾಳು ಹಾಕೀರೇನು? ನನಗ ಒಂದೂ ಕಾಣವಲ್ದು. ತಾರೀಖ ಎಲ್ಲಿ? ದಿನಾ ಹತ್ತು ಕಾಗದಕ್ಕ ತಾರೀಖ ಹಾಕಬೇಕು ನಾ!" ಆಮೇಲೆ ಹಿಂದಿನ ಫೋಟೊ ಕಣ್ಣಿಗೆ ಬಿತ್ತು. ಯಾರೆಂದು ಗೊತ್ತಿತ್ತು. ಆದರೂ ಸಿಟ್ಟು ಇಳಿಯಲಿಲ್ಲ. "ನೋಡ್ರಿ ಕಾರಕೂನರ, ಇದು ಕಚೇರಿ. ದೇವರಮನಿ ಅಲ್ಲ. ಫೋಟೊ ಇರಲಿ, ನಾ ಬ್ಯಾಡ ಅನ್ನೂದಿಲ್ಲ. ಪಟ್ಟಿ ಮೊದಲ ಹೆಂಗಿತ್ತೋ ಹಂಗ ಇರಬೇಕು."

"ಆತ್ರಿ ಸರ್" ಅಂದರು ಕಾರಕೂನರು. ಅಷ್ಟೇ.

ಅವರು ವಾದ ಮಾಡದಿದ್ದುದು ನನ್ನನ್ನು ಹೆಚ್ಚು ಬಾಧಿಸಿತು. ಹೆಡ್‌ಮಾಸ್ತರರ ಮಾತಿನಲ್ಲೂ ತಪ್ಪಿರಲಿಲ್ಲ. ಆ ಕಂಪ್ಯೂಟರು ಎಲ್ಲರದು, ಅವರ ಕಣ್ಣು ನಿಜವಾಗಿಯೂ ಮಂದ. ಬಾಯಾರು ದೊಡ್ಡ ಚಿತ್ರ ಹಾಕಿದರು, ಅಡಗುವುದನ್ನು ತೆಗೆದರು. ತಾರೀಖು ಮರಳಿ ಬಂತು. ಪಾದ ಹೋಯಿತು.

ಆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಕಾರಕೂನರು ಬಾಯಾರ ಹತ್ತಿರ ಹೋಗಿ ನಿಂತರು. "ಅದನ್ನ ಹಾಕೂದು ತಗಿಯೂದು ನನಗ ಕಲಸ್ರಿ" ಅಂದರು. ಪತ್ರ ಬೆರಳಚ್ಚು ಮಾಡುವುದು ಬಿಟ್ಟರೆ ಬೇರೇನನ್ನೂ ಕಲಿಯಲು ಒಲ್ಲದ ಮನುಷ್ಯ, ಶಾಲೆಯ ಹುಡುಗನ ಹಾಗೆ ಬಾಯಾರ ಪಕ್ಕ ಕುಳಿತು ಕಲಿತರು: ಪಟ್ಟಿಯ ಖಾಲಿ ಜಾಗ ಹುಡುಕು, ಬಲಗುಂಡಿ ಒತ್ತು, ಕೊನೆಯ ಸಾಲು ಆರಿಸು, ಎರಡನೆಯ ಚೌಕಕ್ಕೆ ಟಿಕ್, ಒಪ್ಪಿಗೆ. ತಪ್ಪಿ ಒಂದು ಸಲ ಚಿತ್ರಗುಂಡಿಯ ಮೇಲೇ ಬಲಗುಂಡಿ ಒತ್ತಿ ಬೇರೆ ಯಾವುದೋ ಪಟ್ಟಿ ಎಬ್ಬಿಸಿದರು. "ಖಾಲಿ ಜಾಗದಾಗ ಅಂದೆ ಅಲ್ರಿ, ಯಾರದೋ ಹೊಲದಾಗ ಹೊಕ್ಕೀರಿ" ಎಂದು ಬಾಯಾರು ಗದರಿದರು. ಕಾರಕೂನರು "ಬದು ಕಾಣಲಿಲ್ರಿ" ಅಂದರು.

ಅಲ್ಲಿಂದ ದಿನಾ ಎಲ್ಲರಿಗಿಂತ ಮೊದಲು ಬಂದು ಪಟ್ಟಿ ಅಡಗಿಸಿ, ಕೈ ತೊಳೆದು, ಪಾದ ಮುಟ್ಟಿ, ಮತ್ತೆ ಪಟ್ಟಿ ತಂದು ಕೂರಿಸಿ ಕೆಲಸ ಶುರುಮಾಡುತ್ತಿದ್ದರು. ಹೆಡ್‌ಮಾಸ್ತರರಿಗೆ ಇದು ಗೊತ್ತಾಗಿತ್ತೆಂದು ನನಗೆ ಅನಿಸಿದ್ದು, ಅವರು ಬೆಳಿಗ್ಗೆ ಕಚೇರಿಗೆ ಬರುವಾಗ ವರಾಂಡದ ಆ ತುದಿಯಿಂದಲೇ ಕೆಮ್ಮುತ್ತ ಬರಲು ತೊಡಗಿದಾಗ. ಅವರಿಗೆ ಕೆಮ್ಮು ಇರಲಿಲ್ಲ.

ಜೂನ್‌ನಲ್ಲಿ ಶಾಲೆ ಮತ್ತೆ ಆರಂಭವಾದಾಗ ಹೊಸ ಮಕ್ಕಳ ಹೆಸರು ಹಚ್ಚುವ ಗಡಿಬಿಡಿ. ಸುತ್ತಲಿನ ಹಳ್ಳಿಗಳಿಂದ ತಂದೆ-ತಾಯಿ ಬಂದು ವರಾಂಡದಲ್ಲಿ ಸಾಲು ಕೂರುತ್ತಾರೆ. ಒಂದು ದಿನ ನಾನು ಕಚೇರಿಯಲ್ಲಿ ಕುಳಿತು ಕಾರಕೂನರಿಗೆ ಕೈ ಹಚ್ಚುತ್ತಿದ್ದೆ. ಹೆಡ್‌ಮಾಸ್ತರರೂ ತಮ್ಮ ಮೇಜಿನಲ್ಲಿದ್ದರು. ಬಾಗಿಲಲ್ಲಿ ಬಿಳಿ ಟೊಪ್ಪಿಗೆಯ, ಗಟ್ಟಿ ಮೈಯ ರೈತನೊಬ್ಬ ಮಗಳ ಕೈ ಹಿಡಿದು ನಿಂತ. ಜುಗೂಳದ ತಮ್ಮ. ನಾನು ಗುರುತು ಹಿಡಿದೆ. ಕಾರಕೂನರು ತಲೆ ಎತ್ತಿ ನೋಡಿದರು, ಮತ್ತೆ ತಗ್ಗಿಸಿದರು.

"ಇಕಿನ್ನ ಎಂಟನೇತ್ತಾ ಕ್ಲಾಸಿಗೆ ಹಚ್ಚಬೇಕಾಗಿತ್ರಿ" ಎಂದು ತಮ್ಮ ಹೇಳಿದ. ಅಣ್ಣನಿಗೆ ರಿ ಹಚ್ಚಿ ಮಾತಾಡಿದ, ಗೊತ್ತಿಲ್ಲದವರಿಗೆ ಹಚ್ಚುವ ಹಾಗೆ.

ಹುಡುಗಿ ಮಾತ್ರ "ದೊಡ್ಡಪ್ಪಾ" ಎಂದು ಮೇಜಿನ ಬದಿಗೇ ಬಂದುಬಿಟ್ಟಳು. ಬಂದು, ಪರದೆ ನೋಡಿ, "ಅಪ್ಪಾ, ಆಯಿ! ಇಲ್ಲಿ ನೋಡ, ಆಯಿ ಅದಾಳ! ನಮ್ಮ ಎಮ್ಮಿನೂ ಐತಿ!" ಎಂದು ಅಜ್ಜಿಯನ್ನು ಗುರುತಿಸಿ ಕೂಗಿದಳು.

ತಮ್ಮ ಒಳಗೆ ಬಂದ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ಆ ಫೋಟೊ ಅವನು ನೋಡಿರಲಿಲ್ಲ. ಬಹಳ ಹೊತ್ತು ನೋಡಿದ. ಆಮೇಲೆ, ಯಾರಿಗೂ ಅಲ್ಲ ಎಂಬಂತೆ ಕೇಳಿದ: "ಕಾಲು ಎಲ್ಲಿ ಅವ್ವಂದು?"

ಅವನೇ ಮುಂದುವರಿದ. ದನಿ ಗಟ್ಟಿಯಾಗಿ ಶುರುವಾಗಿ ಒಡೆಯಿತು.

"ನಾನ ತೊಳದೇನಿ ಆ ಕಾಲು. ಹಿತ್ತಲಕ್ಕ ನೀರು ಬಂದಿತ್ತು, ಹೊಲದಾಗ ಅದೊಂದ ಗುಡ್ಡಿ ಉಳದಿತ್ತು. ಇನ್ನೊಂದು ತಾಸು ಬಿಟ್ಟಿದ್ರ ಅದೂ ಇರತಿರಲಿಲ್ಲ. ಹಿರಿಯಾವ ಮೊದಲ ಮುಟ್ಟಬೇಕು ಅಂತ ಮಂದಿ ಅಂದ್ರು. ನಾ ಎರಡು ಸಲ ಮುಟ್ಟೇನಣ್ಣಾ. ಮೊದಲಿಂದು ನಿಂದು ಅಂತ ಹೇಳಿ ಮುಟ್ಟೇನಿ. ಆಮ್ಯಾಲ ನಂದು."

ಕಾರಕೂನರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಯಾಕ ಹೇಳಲಿಲ್ಲೋ ಇಷ್ಟ ದಿನ?"

"ಹೇಳಾಕ ನೀ ಬಾಗಲಾ ತಗದೀ ಏನು? ಫೋನ್ ಮಾಡಿದ್ರ ಎತ್ತಲಿಲ್ಲ. ನಿನ್ನ ಮನ್ಯಾಗ ವೈನಿ ಕೂಡ ಹೇಳಿ ಕಳಸಿದೆ, ಆ ಮಾತು ಎತ್ತಿದ್ರ ಉಣ್ಣೂದ ಬಿಟ್ಟು ಏಳತಾರಂತ ಅಂದ್ಲು. ಮಗಳ ಸಾಲಿ ನೆವ ಮಾಡಿ ಬಂದೀನಿ. ಹತ್ರದ ಶಿರಗುಪ್ಪಿ ಸಾಲಿಗೂ ಹಚ್ಚಬಹುದಿತ್ತು ಇಕಿನ್ನ."

ವರಾಂಡದಲ್ಲಿ ಕೂತವರು ಬಾಗಿಲ ಕಡೆ ಕತ್ತು ಚಾಚಿದ್ದರು. ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸುತ್ತ, ತಲೆ ಎತ್ತದೆ ಹೇಳಿದರು: "ಆ ಪಟ್ಟಿ ತಗೀರಿ ಕಾರಕೂನರ. ನೋಡಲಿ ಅವ."

ಕಾರಕೂನರು ಮೌಸ್ ಹಿಡಿದರು. ಖಾಲಿ ಜಾಗ ಸಿಗಲು ಎರಡು ಸಲ ಬೇಕಾಯಿತು. ಟಿಕ್ ಹಾಕಿದರು, ಒಪ್ಪಿಗೆ ಒತ್ತಿದರು, ಬಾಣವನ್ನು ಪರದೆಯ ನಡುವೆ ತಂದು ಮೌಸ್ ಬಿಟ್ಟರು. ಪಟ್ಟಿ ಕೆಳಗೆ ಇಳಿಯಿತು.

ತಮ್ಮ ಆ ಪಾದಗಳನ್ನು ನೋಡಿ ಟೊಪ್ಪಿಗೆಯಿಂದ ಬಾಯಿ ಮುಚ್ಚಿಕೊಂಡ. ಕಾರಕೂನರು ಎದ್ದು ತಮ್ಮ ಕುರ್ಚಿಯನ್ನು ಅವನ ಕಡೆ ಸರಿಸಿದರು. "ಕುಂಡ್ರು" ಅಂದರು. ಅವನು ಕೂರಲಿಲ್ಲ. ಇಬ್ಬರೂ ನಿಂತೇ ಇದ್ದರು, ಕುರ್ಚಿ ನಡುವೆ ಖಾಲಿ ಇತ್ತು. ಹುಡುಗಿ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ, ಆ ಕುರ್ಚಿಯಲ್ಲಿ ತಾನೇ ಹತ್ತಿ ಕುಳಿತಳು. ಆ ದಿನ ಅವಳ ಹೆಸರನ್ನು ನಾನು ಬರೆದುಕೊಂಡೆ. ಕಾರಕೂನರು ತಮ್ಮನ ಜೊತೆ ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕುಳಿತಿದ್ದರು. ಏನು ಮಾತಾಡಿದರೋ ತಿಳಿಯದು. ಬಹಳ ಹೊತ್ತು ಮಾತಾಡಿದಂತೆ ಕಾಣಲಿಲ್ಲ. ಚಹಾ ಮಾತ್ರ ಎರಡು ಸಲ ತರಿಸಿದರು.

ಶ್ರಾವಣದಲ್ಲಿ ಮುದುಕಿಯ ವರ್ಷದ ಕಾರ್ಯ ಜುಗೂಳದಲ್ಲಿ ನಡೆಯಿತು. ಹೊಳೆ ಆ ವರ್ಷವೂ ಏರತೊಡಗಿತ್ತು, ರಸ್ತೆಗೆ ಇನ್ನೂ ಬಂದಿರಲಿಲ್ಲ. ನೀರಿನ ನಂಬಿಕೆ ಇಲ್ಲವೆಂದು ಕಾರಕೂನರು ಎರಡು ದಿನ ಮೊದಲೇ ಹೆಂಡತಿಯ ಜೊತೆ ಹೋಗಿಬಿಟ್ಟಿದ್ದರು. ಭಾನುವಾರ ನಾನು, ಬಾಯಾರು, ಹೆಡ್‌ಮಾಸ್ತರರು ಬಸ್ಸಿಗೆ ಹೋದೆವು. ಹೊಲದ ಎತ್ತರದ ಜಾಗದಲ್ಲಿ ಕಟ್ಟೆ ಕಟ್ಟಿಸಿದ್ದರು. ಅಣ್ಣ ಮೊದಲು, ತಮ್ಮ ಆಮೇಲೆ ಪೂಜೆ ಮಾಡಿದರು. ಊಟಕ್ಕೆ ಹುಗ್ಗಿ, ಬದನೆಕಾಯಿ ಎಣ್ಣೆಗಾಯಿ ಇತ್ತು. ಕಾರಕೂನರು ನಮಗೆ ಬಡಿಸಿ, ಕೊನೆಯ ಪಂಕ್ತಿಯಲ್ಲಿ ತಮ್ಮನ ಪಕ್ಕ ಕುಳಿತು ಉಂಡರು. ಸಂಜೆ ಬಸ್ಸಿಗೆ ನಾವು ಮೂವರೇ ಮರಳಿದೆವು.

ಸೋಮವಾರ ಬೆಳಿಗ್ಗೆ ಕಚೇರಿಯ ಬೀಗವನ್ನು ಹೆಡ್‌ಮಾಸ್ತರರು ತೆಗೆದರು. ಕಾರಕೂನರು ರಜೆ ಹಾಕಿ, ತಮ್ಮನ ಜೊತೆ ಜುಗೂಳದಲ್ಲೇ ಉಳಿದಿದ್ದರು; ಆ ದಿನ ಪಟ್ಟಿ ಅಡಗಿಸುವವರು ಯಾರೂ ಇರಲಿಲ್ಲ.